ರಾಮನಗರದಿಂದ ಕನಕಪುರಕ್ಕೆ ಒಂದು ಗೆರೆ

ಅಥವಾ ಅವತ್ತು ಕರೆಂಟು ಹೋಗಿರಲೇ ಇಲ್ಲವೇನೋ. ಜೆರಾಕ್ಸ್ ಯಂತ್ರ ಕೆಟ್ಟಿದ್ದಿರಬಹುದು. ಇಲ್ಲವೇ ನಮಗೆ ಪಾಠ ಮಾಡುತ್ತಿದ್ದ ಮೇಡಂ ಪರೀಕ್ಷೆಯ ಪ್ರಶ್ನೆಗಳನ್ನು ಬೆಳಿಗ್ಗೆ ರೈಲಿನಲ್ಲಿ ಕೂತು ಬರೆದಿದ್ದು, ಪ್ರತಿ ತೆಗೆಸಲು ಹೊತ್ತಿಲ್ಲದೆ ಹೋಗಿರಬಹುದು. ಈ ಮೂರನ್ನೂ ನಾನು ಬೇರೆ ಬೇರೆ ಸಲ ಬೇರೆ ಬೇರೆಯವರಿಗೆ ಹೇಳಿದ್ದೇನೆ. ಹೇಳುವ ಹೊತ್ತಿಗೆ ಮೂರೂ ನಿಜವಾಗಿಯೇ ಕಂಡಿವೆ. ಕರೆಂಟು ಹೋದ ಕತೆಯಲ್ಲಿ ನನಗೆ ಸೆಕೆ ನೆನಪಾಗುತ್ತದೆ, ರೈಲಿನ ಕತೆಯಲ್ಲಿ ಮೇಡಂ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದದ್ದು ನೆನಪಾಗುತ್ತದೆ. ನೆನಪು ಹೀಗೆ ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಸಾಕ್ಷಿ. ಅದನ್ನು ನಂಬಿ ಏನನ್ನೂ ಬರೆಯಬಾರದು. ಆದರೂ ಬರೆಯುತ್ತಿದ್ದೇನೆ.

ಕಾರಣ ಏನೇ ಇರಲಿ, ಆ ದಿನ ಪ್ರಶ್ನೆಪತ್ರಿಕೆ ನಮ್ಮ ಕೈಗೆ ಬರಲಿಲ್ಲ, ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದರು, ಗ್ರಾಫನ್ನೂ, ಅಂದರೆ ವೃತ್ತಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರವನ್ನೂ, ಅಲ್ಲೇ ಬಿಡಿಸಿದರು. ಇಷ್ಟರ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ತಕರಾರು ಇದ್ದದ್ದು ಆ ಗ್ರಾಫಿನ ಒಂದೇ ಒಂದು ಗೆರೆಯ ಬಗ್ಗೆ.

ರಾಮನಗರದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎರಡನೇ ವರ್ಷದಲ್ಲಿದ್ದೆ. ಆಲ್ಗರಿದಮ್ಸ್ ಎಂಬ ವಿಷಯ. ಮೂರು ಇಂಟರ್ನಲ್ ಪರೀಕ್ಷೆಗಳು. ಅವುಗಳ ಅಂಕ ಒಂದು ಮಟ್ಟ ಮುಟ್ಟದಿದ್ದರೆ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕೂರುವ ಹಾಗಿಲ್ಲ, ಮುಂದಿನ ವರ್ಷ ಚಿಕ್ಕವರ ಜೊತೆ ಅದೇ ಪಾಠವನ್ನು ಮತ್ತೆ ಕೇಳಬೇಕು. ಮೊದಲ ಪರೀಕ್ಷೆಗೆ ನಾನು ಕಾಮಾಲೆ ಬಂದು ಹೋಗಿರಲಿಲ್ಲ. ಎರಡನೆಯದಕ್ಕೆ ಹೋಗಿದ್ದೆ, ಹೋಗಿ ಉಪಯೋಗವಾಗಿರಲಿಲ್ಲ. ಉಳಿದದ್ದು ಮೂರನೆಯದು. ಅದರಲ್ಲಿ ಗ್ರಾಫಿನ ಪ್ರಶ್ನೆಯೇ ದೊಡ್ಡದು ಎಂದು ಮೇಡಂ ಮೊದಲೇ ಹೇಳಿದ್ದರು. ಅದು ಕೈಕೊಟ್ಟರೆ ನನ್ನ ಒಂದು ವರ್ಷ ಹೋಯಿತು ಎಂದೇ ಅರ್ಥ.

ಮೇಡಂ ಮೈಸೂರಿನವರು. ದಿನವೂ ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗುತ್ತಿದ್ದರು. ನಮ್ಮ ಊರುಗಳನ್ನು ಅವರು ಕಂಡದ್ದು ಬಸ್ಸುಗಳ ಹಣೆಯ ಬೋರ್ಡಿನಲ್ಲಿ ಮಾತ್ರ. ಒಳ್ಳೆಯ ಟೀಚರು. ಪಾಠದ ಮೊದಲ ದಿನ ಹೀಗೆ ಹೇಳಿದ್ದರು (ಮಾತುಗಳು ನನ್ನವು ಇರಬಹುದು, ವಿಷಯ ಅವರದು):

"ಹೊಸ ಊರಲ್ಲಿ ಒಬ್ಬರ ಮನೆ ಹುಡುಕಬೇಕು ಅಂದುಕೊಳ್ಳಿ. ಒಂದು ದಾರಿ, ನಿಂತ ಜಾಗದಿಂದ ಒಂದು ಬೀದಿ ದೂರ ಇರೋ ಎಲ್ಲವನ್ನೂ ಮೊದಲು ನೋಡೋದು. ಆಮೇಲೆ ಎರಡು ಬೀದಿ ದೂರ ಇರೋದನ್ನೆಲ್ಲ. ನೀರಿಗೆ ಕಲ್ಲು ಹಾಕಿದ ಹಾಗೆ. ಅದು ಬಿ.ಎಫ್.ಎಸ್., ಅಗಲಕ್ಕೆ ಹುಡುಕೋದು. ಇನ್ನೊಂದು ದಾರಿ, ಸಿಕ್ಕಿದ ಒಂದು ಬೀದಿ ಹಿಡಿದು ಹೋಗ್ತಾನೇ ಇರೋದು, ಗೋಡೆ ಸಿಕ್ಕಿದಾಗ ಒಂದು ಹೆಜ್ಜೆ ಹಿಂದೆ ಬಂದು ಇನ್ನೊಂದು ಬೀದಿ ಹಿಡಿಯೋದು. ಅದು ಡಿ.ಎಫ್.ಎಸ್., ಆಳಕ್ಕೆ ಹುಡುಕೋದು."

ಬಿ.ಎಫ್.ಎಸ್.ಗೆ ಕ್ಯೂ ಬೇಕು, ನೋಡಲು ಬಾಕಿ ಇರುವವುಗಳ ಸಾಲು. ಮೊದಲು ಬಂದವರು ಮೊದಲು ಹೊರಗೆ. ಡಿ.ಎಫ್.ಎಸ್.ಗೆ ಸ್ಟ್ಯಾಕ್, ಕೊನೆಗೆ ಬಂದವರು ಮೊದಲು ಹೊರಗೆ. ವ್ಯತ್ಯಾಸ ಅಷ್ಟೇ ಎಂದು ಅವರು ಹೇಳಿದಾಗ ನನಗೆ ಅವಮಾನವಾದಂತಾಗಿತ್ತು. ಇಷ್ಟು ಸಣ್ಣ ವ್ಯತ್ಯಾಸ ನನ್ನ ತಲೆಯಲ್ಲಿ ಯಾಕೆ ನಿಲ್ಲುವುದಿಲ್ಲ? ರಾತ್ರಿ ಓದಿದಾಗ ಸರಿಯಿರುತ್ತಿತ್ತು, ಬೆಳಿಗ್ಗೆ ಎದ್ದರೆ ಎರಡೂ ಜಾಗ ಬದಲಾಯಿಸಿಕೊಂಡಿರುತ್ತಿದ್ದವು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವನು ಉಯ್ಯಂಬಳ್ಳಿಯಿಂದ ಬರುತ್ತಿದ್ದ ಗೆಳೆಯ. ಬೆಳಕು ಹರಿಯುವ ಮುಂಚೆ ಎದ್ದು ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು. ಹಿಂದಿನ ಬೆಂಚಿನಲ್ಲಿ ಹಾವೇರಿ ಕಡೆಯ ಹುಡುಗ, ಹಾಸ್ಟೆಲಿನವನು. ಭಾನುವಾರವೂ ಕಾಲೇಜಿನ ಗೇಟು ದಾಟುತ್ತಿರಲಿಲ್ಲ. ನಾನು ರಾಮನಗರದವನೇ. ನಮ್ಮ ಮನೆಯಲ್ಲಿ ರೇಷ್ಮೆ ಬಿಚ್ಚುತ್ತಿದ್ದರು, ಗೂಡು ಬೇಯುವ ವಾಸನೆ ನನ್ನ ಪುಸ್ತಕಗಳಿಗೂ ಹತ್ತಿತ್ತು. ಹಾವೇರಿಯವನು ಅದನ್ನು ಮೂಸಿ, "ನಿನ್ನ ನೋಟ್ಸ್ ಓದಾಕ ಕುಂತ್ರ ಹಸಿವು ಹೋಗತೈತಿ ನೋಡಪಾ" ಎನ್ನುತ್ತಿದ್ದ. ಈ ಕತೆಗೆ ಬೇಕಾದವರು ಇಷ್ಟೇ ಜನ.

ಈಗ ಪರೀಕ್ಷೆ.

ಮೇಡಂ ಹಲಗೆಯ ಮೇಲೆ ಏಳು ವೃತ್ತ ಬರೆದರು. ಒಳಗೆ ಊರಿನ ಹೆಸರುಗಳು. ಮಾಗಡಿ, ರಾಮನಗರ, ಚನ್ನಪಟ್ಟಣ, ಹಾರೋಹಳ್ಳಿ, ಕನಕಪುರ, ದೊಡ್ಡಆಲಹಳ್ಳಿ, ಉಯ್ಯಂಬಳ್ಳಿ. ಕ್ಲಾಸಿನಲ್ಲಿ ಖುಷಿಯ ಗದ್ದಲ. ನಾವೆಲ್ಲ ಎಲ್ಲಿಂದ ಬರುತ್ತೇವೆ ಎಂದು ಹಿಂದಿನ ವಾರ ಅವರು ಕೇಳಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಬೇರೆ ಪುಸ್ತಕಗಳಲ್ಲಿ ವೃತ್ತದೊಳಗೆ ಎ, ಬಿ, ಸಿ ಇರುತ್ತಿತ್ತು. ಇಲ್ಲಿ ನಾವೇ ಇದ್ದೆವು. "ಮೇಡಂ, ನಮ್ಮೂರ್ನೂ ಹಾಕ್ಬುಟ್ರಲ್ಲ! ನಮ್ಮೂರು ಮ್ಯಾಪ್ನಾಗೇ ಇಲ್ಲ" ಎಂದು ಉಯ್ಯಂಬಳ್ಳಿಯವನು ಕೂಗಿದ. "ಪರೀಕ್ಷೆ ನಡೀತಾ ಇದೆ, ಸುಮ್ಮನಿರು" ಎಂದು ಅವರು ನಕ್ಕರು.

ಆಮೇಲೆ ಗೆರೆಗಳು. ಗೆರೆ ಇದೆ ಎಂದರೆ ಆ ಎರಡು ಊರುಗಳ ನಡುವೆ ನೇರ ಬಸ್ಸಿದೆ ಎಂದು ತಿಳಿಯಬೇಕು. ಎಲ್ಲರೂ ಒಪ್ಪುವ ಗೆರೆಗಳು ಇವು: ಮಾಗಡಿಯಿಂದ ರಾಮನಗರಕ್ಕೆ. ರಾಮನಗರದಿಂದ ಚನ್ನಪಟ್ಟಣಕ್ಕೆ, ರಾಮನಗರದಿಂದ ಹಾರೋಹಳ್ಳಿಗೆ. ಚನ್ನಪಟ್ಟಣದಿಂದ ದೊಡ್ಡಆಲಹಳ್ಳಿಗೆ. ಹಾರೋಹಳ್ಳಿಯಿಂದ ಕನಕಪುರಕ್ಕೆ. ಕನಕಪುರದಿಂದ ದೊಡ್ಡಆಲಹಳ್ಳಿಗೆ, ಕನಕಪುರದಿಂದ ಉಯ್ಯಂಬಳ್ಳಿಗೆ.

ರಾಮನಗರದಿಂದ ಕನಕಪುರಕ್ಕೆ ನೇರವಾಗಿ? ರಸ್ತೆಯಲ್ಲಿ ಬಸ್ಸಿದೆ, ಈಗಲೂ ಇದೆ. ಹಲಗೆಯ ಮೇಲೆ?

ಪ್ರಶ್ನೆಯ ಮೊದಲ ಭಾಗ: ಮಾಗಡಿಯಿಂದ ಉಯ್ಯಂಬಳ್ಳಿಗೆ ಅತಿ ಕಡಿಮೆ ಬಸ್ಸು ಹತ್ತಿ ಹೋಗುವುದು ಹೇಗೆ? ಯಾವ ಹುಡುಕಾಟ ಬಳಸುತ್ತೀರಿ, ಯಾಕೆ, ಮಾಡಿ ತೋರಿಸಿ. ಎರಡನೇ ಭಾಗ: ಒಂದು ಊರಿನಿಂದ ಹೊರಟು, ಹೋದ ಗೆರೆಯಲ್ಲಿ ಮತ್ತೆ ಹೋಗದೆ, ಸುತ್ತಿ ಅದೇ ಊರಿಗೆ ಬರುವ ದಾರಿ ಇದೆಯೇ? ಅದನ್ನು ಡಿ.ಎಫ್.ಎಸ್. ಮಾಡಿ ತೋರಿಸಿ.

ಮಧ್ಯದಲ್ಲಿ ಯಾರೋ ಎದ್ದು, ಎರಡು ಊರಿಗೆ ದಾರಿ ಇದ್ದಾಗ ಮೊದಲು ಯಾವುದಕ್ಕೆ ಹೋಗಬೇಕು ಎಂದು ಕೇಳಿದರು. ಮೇಡಂ ಡಸ್ಟರ್ ತೆಗೆದುಕೊಂಡು ಗ್ರಾಫಿನ ಹತ್ತಿರ ಸ್ವಲ್ಪ ಜಾಗ ಒರೆಸಿ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಹೋಗಿ ಎಂದು ಬರೆದರು. ಚನ್ನಪಟ್ಟಣ ಮೊದಲು, ಆಮೇಲೆ ದೊಡ್ಡಆಲಹಳ್ಳಿ, ಹಾರೋಹಳ್ಳಿ, ಕನಕಪುರ, ಹೀಗೆ. ಅವರು ಒರೆಸಿದ್ದು ಗ್ರಾಫಿನ ಯಾವ ಪಕ್ಕದಲ್ಲಿ ಎಂದು ಆಗ ಯಾರೂ ಗಮನಿಸಲಿಲ್ಲ. ಗಮನಿಸಲು ಕಾರಣವೇ ಇರಲಿಲ್ಲ.

ನನಗೆ ಆ ದಿನ ಎರಡರ ವ್ಯತ್ಯಾಸ ತಲೆಯಲ್ಲಿ ನಿಂತಿತ್ತು. ಕಡಿಮೆ ಬಸ್ಸು ಎಂದರೆ ಬಿ.ಎಫ್.ಎಸ್. ಉಂಗುರ ಉಂಗುರವಾಗಿ ಹರಡುವುದರಿಂದ, ಒಂದು ಊರನ್ನು ಅದು ಮೊದಲ ಸಲ ಮುಟ್ಟಿದಾಗಲೇ ಅತಿ ಕಡಿಮೆ ಗೆರೆಗಳಲ್ಲಿ ಮುಟ್ಟಿರುತ್ತದೆ. ಬರೆದೆ. ಮಾಗಡಿ ಸೊನ್ನೆಯ ಮಟ್ಟ, ಅಲ್ಲಿಗೆ ಬಸ್ಸೇ ಬೇಡ. ರಾಮನಗರ ಒಂದು. ಎರಡನೇ ಮಟ್ಟದಲ್ಲಿ ಚನ್ನಪಟ್ಟಣ, ಹಾರೋಹಳ್ಳಿ, ಕನಕಪುರ. ಮೂರನೆಯದರಲ್ಲಿ ದೊಡ್ಡಆಲಹಳ್ಳಿ, ಉಯ್ಯಂಬಳ್ಳಿ. ಉತ್ತರ: ಮಾಗಡಿ, ರಾಮನಗರ, ಕನಕಪುರ, ಉಯ್ಯಂಬಳ್ಳಿ. ಮೂರು ಬಸ್ಸು. ಪಕ್ಕದಲ್ಲಿದ್ದವನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ, ಅವನ ಬದುಕೇ ಆ ದಾರಿಯಲ್ಲಿತ್ತು.

ಎರಡನೆಯದನ್ನೂ ಮಾಡಿದೆ. ಮಾಗಡಿ, ರಾಮನಗರ, ಅಲ್ಲಿಂದ ಅಕ್ಷರ ಕ್ರಮದಲ್ಲಿ ಚನ್ನಪಟ್ಟಣ, ದೊಡ್ಡಆಲಹಳ್ಳಿ, ಕನಕಪುರ, ಹಾರೋಹಳ್ಳಿ. ಹಾರೋಹಳ್ಳಿಯಲ್ಲಿ ನಿಂತು ನೋಡಿದರೆ ಮುಂದೆ ರಾಮನಗರ, ಅದನ್ನು ಆಗಲೇ ದಾಟಿ ಬಂದಿದ್ದೇವೆ. ಹೀಗೆ ಹಿಂದೆ ಬಿಟ್ಟುಬಂದ ಊರಿಗೆ ಮರಳುವ ಗೆರೆಗೆ ಬ್ಯಾಕ್ ಎಡ್ಜ್ ಎನ್ನುತ್ತಾರೆ. ಒಂದು ಸಿಕ್ಕಿತೆಂದರೆ ಸುತ್ತು ಇದೆ ಎಂದೇ. ಸಿಕ್ಕಿತು ಎಂದು ಬರೆದು ಅಲ್ಲಿಗೇ ನಿಲ್ಲಿಸಿದೆ. ಸಂತೋಷದಿಂದ ಪೆನ್ನು ಮುಚ್ಚಿದೆ. ಹೊರಗೆ ಬಂದು ಟೀ ಕುಡಿದೆವು, ಅಥವಾ ಟೀ ಕುಡಿದದ್ದು ಎರಡನೇ ಪರೀಕ್ಷೆಯ ನಂತರ. ಅಂತೂ ನಾನು ಪಾಸಾಗಿದ್ದೆ, ನನ್ನ ಲೆಕ್ಕದಲ್ಲಿ.

ಉತ್ತರಪತ್ರಿಕೆ ವಾಪಸು ಬಂದಾಗ ಮೊದಲ ಭಾಗಕ್ಕೆ ಅಡ್ಡ ಗೀಟು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, "ಇಲ್ಲದ ಗೆರೆ." ಉಯ್ಯಂಬಳ್ಳಿಯವನದಕ್ಕೂ ಹಾಗೇ. ಕನಕಪುರ, ಮಾಗಡಿ, ಚನ್ನಪಟ್ಟಣ ಕಡೆಯಿಂದ ಬಸ್ಸಿನಲ್ಲಿ ಬರುವ ಹೆಚ್ಚಿನವರಿಗೆಲ್ಲ ಹಾಗೇ. ನಾವು ನೋಡಿದ ಹಾಸ್ಟೆಲಿನವರಿಗೆ ಪೂರ್ತಿ ಅಂಕ. ಅವರ ಉತ್ತರದಲ್ಲಿ ಕನಕಪುರ ಮೂರನೇ ಮಟ್ಟದಲ್ಲಿತ್ತು, ಹಾರೋಹಳ್ಳಿಯ ಮೇಲೆ ಸುತ್ತಿ, ಉಯ್ಯಂಬಳ್ಳಿ ನಾಲ್ಕನೆಯದರಲ್ಲಿ.

"ಏನ್ಲಾ ಇದು?" ಎಂದು ಉಯ್ಯಂಬಳ್ಳಿಯವನು ಹಾಳೆ ಎತ್ತಿ ಬೆಳಕಿಗೆ ಹಿಡಿದ, ಗೆರೆ ಹಾಳೆಯೊಳಗೆ ಅಡಗಿದೆಯೇನೋ ಎಂಬಂತೆ. "ಇಲ್ಲದ ಗೆರೆ ಅಂತೆ. ಹಂಗಾರೆ ನಾನು ದಿನಾ ಹಾರ್ಕೊಂಡು ಬತ್ತೀನಾ? ಹಾರೋಹಳ್ಳಿ ಮ್ಯಾಕೆ ಬಂದ್ರೆ ನಾನು ಕಾಲೇಜಿಗೆ ಸೇರೋದು ಯಾವಾಗ್ಲಾ, ಸಾಯಂಕಾಲಕ್ಕಾ?"

"ಬೋರ್ಡ್ ಮೇಲೆ ಇತ್ತಾ ಅಂತ ಕೇಳ್ತಿರೋದು" ಎಂದೆ.

"ಬೋರ್ಡ್ ಯಾಕ್ಲಾ ನೋಡ್ಬೇಕು? ಬಸ್ ಐತೆ ಕಣ್ಲಾ!"

ಅವನಿಗೆ ಅದು ತಮಾಷೆ. ಅವನ ಹಿಂದಿನ ಅಂಕಗಳು ಚೆನ್ನಾಗಿದ್ದವು, ಈ ಗೀಟಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ನಾನು ಹಾಳೆಯ ಅಂಚಿನಲ್ಲಿ ಮೂರೂ ಪರೀಕ್ಷೆಗಳ ಅಂಕ ಕೂಡಿಸಿದೆ, ಸಾಲಲಿಲ್ಲ. ಅವನಿಗೆ ಅದು ಗೊತ್ತಾಗಿ, "ಬಾ, ಒಸಿ ಮಾತಾಡೋಣ. ಮೇಡಂ ಒಳ್ಳೆಯೋರು" ಎಂದು ನನ್ನನ್ನು ಸ್ಟಾಫ್ ರೂಮಿಗೆ ಎಳೆದುಕೊಂಡು ಹೋದ.

ಇಲ್ಲಿಂದ ಮುಂದಿನದನ್ನು ನಾನು ಎರಡು ರೀತಿಯಲ್ಲಿ ಬರೆದು ನೋಡಿದ್ದೇನೆ. ಅಗಲವಾಗಿ: ಕೋಣೆಯಲ್ಲಿ ಇದ್ದವರೆಲ್ಲರನ್ನೂ ಒಂದು ಸುತ್ತು, ಆಮೇಲೆ ಅವರ ಮಾತುಗಳನ್ನು ಒಂದು ಸುತ್ತು. ಆಗ ಎಲ್ಲರೂ ಕಾಣುತ್ತಾರೆ, ಯಾರೂ ಮಾತಾಡುವುದಿಲ್ಲ. ಆಳವಾಗಿ: ಮೇಡಂ ಮುಖವೊಂದನ್ನೇ ಹಿಡಿದು. ಆಗ ಅವರ ಕನ್ನಡಕದವರೆಗೆ ಹೋಗಿ ಸಿಕ್ಕಿಕೊಳ್ಳುತ್ತೇನೆ, ಅವರು ಕನ್ನಡಕ ಹಾಕುತ್ತಿದ್ದರೇ ಎಂಬ ಅನುಮಾನ ಬಂದು ವಾಪಸು ಬರುತ್ತೇನೆ. ಎರಡನ್ನೂ ಬಿಟ್ಟು ನಡೆದ ಹಾಗೆ, ಅಂದರೆ ನಡೆಯಿತು ಎಂದು ನಾನು ಅಂದುಕೊಂಡ ಹಾಗೆ ಹೇಳುತ್ತೇನೆ.

ಮೇಡಂ ಹೇಳಿದರು: "ನೀನು ಬರೆದ ಬಿ.ಎಫ್.ಎಸ್. ತಪ್ಪಿಲ್ಲ. ಬೇರೆ ಗ್ರಾಫಿಗೆ ಬರೆದಿದ್ದೀಯ. ಚಿತ್ರದಲ್ಲಿ ರಾಮನಗರ ಕನಕಪುರದ ನಡುವೆ ಗೆರೆ ಇರಲಿಲ್ಲ."

"ಇತ್ತು ಮೇಡಂ" ಎಂದೆ. ನಾನು ನಿಜವಾಗಿ ಕಂಡಿದ್ದೆ. ಸ್ವಲ್ಪ ಓರೆಯಾಗಿ, ಹಾರೋಹಳ್ಳಿಯ ವೃತ್ತದ ಕೆಳಗೆ ಹಾದುಹೋಗುವ ಗೆರೆ. ಈಗಲೂ ಕಾಣುತ್ತದೆ. ಹಾಗೆ ಕಾಣುವುದೇ ಅದರ ಮೇಲಿನ ನನ್ನ ದೊಡ್ಡ ಅನುಮಾನ.

"ಬಸ್ಸಿರೋದಕ್ಕೆ ನಿಂಗೆ ಕಂಡಿದೆ. ನೋಡು, ಬಸ್ಸಲ್ಲಿ ಬರೋರಿಗೆಲ್ಲ ಕಂಡಿದೆ, ಹಾಸ್ಟೆಲಿನವರಿಗೆ ಕಂಡಿಲ್ಲ. ಗೆರೆ ಇದ್ದಿದ್ರೆ ಅವರಿಗೂ ಕಾಣಬೇಕಿತ್ತಲ್ಲ? ಬಿ.ಎಫ್.ಎಸ್.ನಲ್ಲಿ ಒಂದು ಗೆರೆಯ ಎರಡು ತುದಿಗಳು ಒಂದಕ್ಕಿಂತ ಹೆಚ್ಚು ಮಟ್ಟ ದೂರ ಇರೋಕೆ ಸಾಧ್ಯವೇ ಇಲ್ಲ. ಒಂದು ತುದಿಯನ್ನ ಮುಟ್ಟಿದ ಮೇಲೆ ಮುಂದಿನ ಸುತ್ತಿಗೆ ಇನ್ನೊಂದನ್ನ ಮುಟ್ಟಲೇಬೇಕು. ಅವರು ರಾಮನಗರ ಒಂದು, ಕನಕಪುರ ಮೂರು ಅಂತ ಬರೆದಿದ್ದಾರೆ. ಅಂದ್ರೆ ಅವರ ಕಣ್ಣಿಗೆ ಆ ಗೆರೆ ಇರಲಿಲ್ಲ."

ವಾದ ಚೂರಿಯ ಹಾಗಿತ್ತು. ಅವರು ಉತ್ತರಪತ್ರಿಕೆಗಳ ಕಟ್ಟನ್ನು ತೆಗೆದು ಮೇಜಿನ ಮೇಲೆ ಎರಡು ರಾಶಿ ಮಾಡತೊಡಗಿದರು. ಕನಕಪುರ ಎರಡನೇ ಮಟ್ಟದಲ್ಲಿ ಇರುವವು ಒಂದು ಕಡೆ, ಮೂರನೇ ಮಟ್ಟದಲ್ಲಿ ಇರುವವು ಇನ್ನೊಂದು ಕಡೆ. ರಾಶಿ ಬೆಳೆಯುತ್ತ ಹೋದಂತೆ ನನ್ನ ವರ್ಷ ಕರಗುತ್ತ ಹೋಯಿತು. ಬಸ್ಸಿನವರು ಈ ಕಡೆ, ಹಾಸ್ಟೆಲಿನವರು ಆ ಕಡೆ.

ಆಗ ಒಂದು ಹಾಳೆಯ ಮೇಲೆ ಅವರ ಕೈ ನಿಂತಿತು. ಹಾವೇರಿಯವನದು. ಕನಕಪುರ ಎರಡನೇ ಮಟ್ಟ. ಅದಕ್ಕೂ ಗೀಟು ಹೊಡೆದಿದ್ದರು, ಹೊಡೆಯುವಾಗ ಅದು ಯಾರದೆಂದು ನೋಡಿರಲಿಲ್ಲ.

ಅವನನ್ನು ಕರೆಸಿದರು. ಬಂದು ಬಾಗಿಲಲ್ಲಿ ನಿಂತ.

"ರಾಮನಗರದಿಂದ ಕನಕಪುರಕ್ಕೆ ಬಸ್ಸಿದೆಯಾ?" ಎಂದು ಕೇಳಿದರು ಮೇಡಂ.

"ನಂಗ್ ಹೆಂಗ್ ಗೊತ್ತ್ರೀ ಮೇಡಂ? ನಾ ಕನಕಪುರ ಕಂಡೇ ಇಲ್ಲ."

"ಮತ್ತೆ ಯಾಕೆ ಹೀಗೆ ಬರೆದೆ?"

"ಬೋರ್ಡಿನ ಮ್ಯಾಲ ಏನೈತಿ ಅದನ್ನ ಬರ್ದೀನ್ರಿ."

ಉಯ್ಯಂಬಳ್ಳಿಯವನು ಮೇಜು ಕುಟ್ಟಿದ. "ನೋಡಿ ಮೇಡಂ! ನಮ್ಮೂರ ರೋಡೇ ಕಾಣ್ದೋನು, ಅವನೇ ಹೇಳ್ತವ್ನೆ!"

ಮೇಡಂ ಅವನನ್ನು ನೋಡಲಿಲ್ಲ, ಹಾವೇರಿಯವನನ್ನೇ ನೋಡುತ್ತಿದ್ದರು. "ನೀನು ಯಾವ ಬೆಂಚಲ್ಲಿ ಕೂತಿದ್ದೆ?"

"ಇವನ ಹಿಂದರೀ" ಎಂದು ನನ್ನ ಕಡೆ ಗಲ್ಲ ಎತ್ತಿದ.

ಆ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಮೂರು ಸಾಧ್ಯತೆಗಳು. ಅವನು ಗೆರೆಯನ್ನು ಹಲಗೆಯ ಮೇಲೆ ಕಂಡಿದ್ದ. ಅಥವಾ ನನ್ನ ಹಾಳೆಯ ಮೇಲೆ ಕಂಡಿದ್ದ. ಅಥವಾ ಏನನ್ನೂ ಕಾಣದೆ, ನನ್ನ ಮುಖ ನೋಡಿ ಈಗ ಹಾಗೆ ಹೇಳುತ್ತಿದ್ದ. ಅವನಿಗೆ ನನ್ನ ಸ್ಥಿತಿ ಗೊತ್ತಿತ್ತು. ಮೇಡಂ ಮೂರನ್ನೂ ಯೋಚಿಸಿದರು ಎಂದು ಕಾಣುತ್ತದೆ, "ಸರಿ, ಹೋಗು" ಎಂದರು. ಅವನು ಹೋಗುವಾಗ ನನ್ನ ಕಡೆ ತಿರುಗಲಿಲ್ಲ.

ಮೇಡಂ ನನ್ನ ಹಾಳೆ ತಿರುವಿ ಎರಡನೇ ಭಾಗ ನೋಡಿದರು. "ಇಲ್ಲಿ ಗೊತ್ತಾಗಬೇಕಿತ್ತು. ಆದ್ರೆ ಡಿ.ಎಫ್.ಎಸ್. ಬಾಯಿ ಬಿಡ್ತಾ ಇಲ್ಲ" ಎಂದರು. ಅವರು ಬೆರಳಿಟ್ಟು ತೋರಿಸಿದರು. ಆ ಗೆರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅಕ್ಷರ ಕ್ರಮದಲ್ಲಿ ಹೋದರೆ ಡಿ.ಎಫ್.ಎಸ್. ಅದೇ ದಾರಿ ಹಿಡಿಯುತ್ತದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಇಳಿದು, ದೊಡ್ಡಆಲಹಳ್ಳಿಯ ಮೇಲೆ ಬಂದು ಕನಕಪುರ ಮುಟ್ಟುತ್ತದೆ. ಹತ್ತಿರದ ದಾರಿ ಇದೆಯೇ ಎಂದು ಅದು ಕೇಳುವುದೇ ಇಲ್ಲ, ಅದಕ್ಕೇ ಕಡಿಮೆ ಬಸ್ಸಿನ ಪ್ರಶ್ನೆಗೆ ಅದು ಪ್ರಯೋಜನವಿಲ್ಲ. ಗೆರೆ ಇದ್ದಿದ್ದರೆ ಕನಕಪುರದಿಂದ ರಾಮನಗರಕ್ಕೆ ಇನ್ನೊಂದು ಬ್ಯಾಕ್ ಎಡ್ಜ್ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ. ನಾನು ಮೊದಲನೆಯದು ಸಿಕ್ಕ ಕೂಡಲೇ ನಿಲ್ಲಿಸಿದ್ದೆ.

"ನಂದ್ರಲ್ಲಿ ಪೂರ್ತಿ ಐತೆ ಮೇಡಂ, ನಾನು ಎಲ್ಲಾ ಬರ್ದಿವ್ನಿ" ಎಂದು ಉಯ್ಯಂಬಳ್ಳಿಯವನು ಹೆಮ್ಮೆಯಿಂದ ತನ್ನ ಹಾಳೆ ಮುಂದಿಟ್ಟ. ಅವನು ಕಷ್ಟಪಟ್ಟು ಹೋದ ದಾರಿಯನ್ನೆಲ್ಲ ಮರದ ಹಾಗೆ ಬಿಡಿಸಿ, ಬ್ಯಾಕ್ ಎಡ್ಜ್‌ಗಳನ್ನು ಚುಕ್ಕಿಗೆರೆಯಲ್ಲಿ ತೋರಿಸಿದ್ದ.

ಒಂದೇ ಚುಕ್ಕಿಗೆರೆ. ಹಾರೋಹಳ್ಳಿಯಿಂದ ರಾಮನಗರಕ್ಕೆ. ಕನಕಪುರದಿಂದ ರಾಮನಗರಕ್ಕೆ ಏನೂ ಇಲ್ಲ.

ಮೂವರೂ ಆ ಹಾಳೆಯನ್ನು ನೋಡಿದೆವು. ಒಬ್ಬನೇ ಮನುಷ್ಯ, ಒಂದೇ ಪರೀಕ್ಷೆ. ಮೊದಲ ಪುಟದಲ್ಲಿ ಗೆರೆ ಇದೆ, ಎರಡನೇ ಪುಟದಲ್ಲಿ ಇಲ್ಲ.

"ಇದೇನೋ?" ಎಂದರು ಮೇಡಂ.

ಅವನು ತಲೆ ಕೆರೆದುಕೊಂಡ. "ಎರಡನೇದಕ್ಕೆ ಬೋರ್ಡ್ ನೋಡ್ಕಂಡು ಬರ್ದೆ ಮೇಡಂ. ಸುತ್ತು ಹುಡುಕ್ಬೇಕಲ್ಲ, ಒಂದೊಂದೇ ಗೆರೆ ಬೆರಳು ಮಡಿಚ್ಕಂಡು ನೋಡ್ದೆ."

"ಮೊದಲನೇದಕ್ಕೆ?"

"ಮೊದಲನೇದು..." ಅವನು ಮೊದಲ ಪುಟ ತಿರುವಿ ನೋಡಿದ. "ಅದ್ಕೂ ನೋಡ್ದೆ. ನೋಡ್ದೆ ಅನ್ಸುತ್ತೆ. ನಮ್ಮೂರು ದಾರಿ ಅಲ್ವಾ ಮೇಡಂ."

ಅವನು ನನ್ನನ್ನು ಉಳಿಸಲು ಬಂದು ಮುಳುಗಿಸಿದ ಎಂದು ನನಗೆ ಅನಿಸಿತು. ನನ್ನ ಮುಖ ನೋಡಿ ಅವನಿಗೂ ಅನಿಸಿರಬೇಕು. ಆದರೆ ಮೇಡಂ ಬೇರೇನನ್ನೋ ಯೋಚಿಸುತ್ತಿದ್ದರು. "ಮಧ್ಯದಲ್ಲಿ ನಾನು ಡಸ್ಟರ್ ತಗೊಂಡೆ ಅಲ್ವಾ" ಎಂದರು. ಅದು ನಮಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಗೆರೆ ಮೊದಲು ಇದ್ದು ಆಮೇಲೆ ಒರೆಸಿಹೋಗಿದ್ದರೆ ಉಯ್ಯಂಬಳ್ಳಿಯವನ ಎರಡು ಪುಟಗಳಿಗೆ ಅರ್ಥ ಬರುತ್ತಿತ್ತು. ಬೇಗ ಬರೆದವರಿಗೆ ಗೆರೆ ಇತ್ತು, ನಿಧಾನಕ್ಕೆ ಬರೆದವರಿಗೆ ಇರಲಿಲ್ಲ. ಆದರೆ ಹಾಸ್ಟೆಲಿನವರೆಲ್ಲ ನಿಧಾನವೇ? ಬಸ್ಸಿನವರೆಲ್ಲ ಚುರುಕೇ? ಅದೂ ನಂಬುವ ಹಾಗಿಲ್ಲ. ಅಷ್ಟರಲ್ಲಿ ಹಲಗೆಯ ಮೇಲೆ ಎಷ್ಟೋ ಪಾಠಗಳು ಬಂದು ಹೋಗಿದ್ದವು.

"ಆ ಗ್ರಾಫು ನೀವೇ ಬರ್ದಿದ್ದಲ್ವಾ ಮೇಡಂ, ನಿಮಗೇ ಗೊತ್ತಿರ್ಬೇಕಲ್ಲ" ಎಂದ ಉಯ್ಯಂಬಳ್ಳಿಯವನು. ಬೇರೆ ಟೀಚರಾಗಿದ್ದರೆ ಹೊರಗೆ ಕಳಿಸುತ್ತಿದ್ದರು.

"ಬರೀಬಾರದು ಅಂದುಕೊಂಡಿದ್ದೆ. ಬರೆದರೆ ಮೊದಲ ಪ್ರಶ್ನೆ ತೀರಾ ಸುಲಭ ಆಗ್ತಿತ್ತು" ಎಂದರು. "ಕೈ ಏನು ಬರೆಯಿತೋ. ದಿನಾ ಸ್ಟೇಷನ್ ಹೊರಗೆ ಕನಕಪುರ ಅನ್ನೋ ಬೋರ್ಡು ನೋಡ್ತೀನಿ."

ಅವರು ನಕ್ಕರು ಎಂದು ಬರೆಯಲು ಹೊರಟಿದ್ದೆ. ನಕ್ಕಿರಲಿಲ್ಲ ಅನಿಸುತ್ತದೆ.

ಆಮೇಲೆ ಗೆಳೆಯನನ್ನು ಹೊರಗೆ ಕಳಿಸಿದರು. ಗಡಿಯಾರ ನೋಡಿದರು, ರೈಲಿನ ಹೊತ್ತು. "ಗೆರೆ ವಿಷಯ ಬಿಡು. ನನಗೆ ಬೇಕಾಗಿರೋದು ನಿಂಗೆ ಬಿ.ಎಫ್.ಎಸ್. ಬರುತ್ತಾ ಅನ್ನೋದು. ಊರು ಬೇಡ, ರೋಡು ಬೇಡ" ಎಂದು ಒಂದು ಖಾಲಿ ಹಾಳೆಯ ಮೇಲೆ ಆರು ವೃತ್ತ ಬರೆದರು. ಎ ಇಂದ ಬಿ ಮತ್ತು ಸಿ. ಬಿ ಇಂದ ಡಿ ಮತ್ತು ಇ. ಸಿ ಇಂದ ಎಫ್. "ಎ ಇಂದ ಶುರು ಮಾಡು. ಯಾವುದು ಯಾವ ಮಟ್ಟ ಹೇಳು. ಮಾಡ್ತಾ ಮಾಡ್ತಾನೇ ಹೇಳು, ಇದು ಯಾವುದಕ್ಕೆ ಒಳ್ಳೇದು, ಯಾವುದಕ್ಕೆ ಅಲ್ಲ."

ಊರುಗಳಿಲ್ಲದ ಗ್ರಾಫಿನಲ್ಲಿ ನನಗೆ ಕಾಲಿಡಲು ನೆಲವೇ ಸಿಗಲಿಲ್ಲ. ಹೇಳಿದ್ದು ನೆನಪಿದೆ: ಕಡಿಮೆ ಗೆರೆಗಳ ದಾರಿ ಬೇಕಾದರೆ ಬಿ.ಎಫ್.ಎಸ್.; ಸುತ್ತು ಹುಡುಕಲು, ಯಾವ ಕೆಲಸದ ನಂತರ ಯಾವ ಕೆಲಸ ಎಂದು ಜೋಡಿಸಲು, ಸಿಕ್ಕಿಕೊಂಡಾಗ ಹಿಂದೆ ಬಂದು ಬೇರೆ ದಾರಿ ನೋಡಲು ಡಿ.ಎಫ್.ಎಸ್. "ಹತ್ತಿರದ ದಾರಿ ಅಂದ್ರೆ ಯಾವಾಗಲೂ ಬಿ.ಎಫ್.ಎಸ್. ಮೇಡಂ" ಎಂದೂ ಸೇರಿಸಿದೆ.

"ಕಿಲೋಮೀಟರ್ ಕೇಳಿದರೆ?"

ನಾನು ಎ ವೃತ್ತದ ಮೇಲೆ ಪೆನ್ನಿನಿಂದ ಇನ್ನೊಂದು ಸುತ್ತು ಎಳೆದೆ.

"ಗೆರೆಗಳ ಉದ್ದ ಬೇರೆ ಬೇರೆ ಆದರೆ ಎರಡೂ ಸಾಲದು. ಬಿ.ಎಫ್.ಎಸ್. ಗೆರೆ ಎಣಿಸುತ್ತೆ, ದೂರ ಅಳೆಯಲ್ಲ. ಮುಂದುವರಿಸು."

ಮುಂದುವರಿಸಿದೆ. ಎ ತೆಗೆದೆ. ಕ್ಯೂನಲ್ಲಿ ಬಿ, ಸಿ. ಬಿ ತೆಗೆದೆ, ಡಿ ಮತ್ತು ಇ ಸೇರಿಸಿದೆ. ಈಗ ಕ್ಯೂನಲ್ಲಿ ಸಿ, ಡಿ, ಇ. ಮುಂದೆ ನಾನು ತೆಗೆದದ್ದು ಇ. ಕೊನೆಗೆ ಬಂದದ್ದನ್ನು. ಸಿ ತೆಗೆಯಬೇಕಿತ್ತು. ಕ್ಯೂ ನನ್ನ ಕೈಯಲ್ಲಿ ಅರ್ಧ ದಾರಿಯಲ್ಲಿ ಸ್ಟ್ಯಾಕ್ ಆಗಿತ್ತು, ನನಗೆ ತಿಳಿಯಲೇ ಇಲ್ಲ. ಆಮೇಲೆ ಸಿ, ಡಿ, ಎಫ್ ಎಂದು ಮುಗಿಸಿ ಪ್ರತಿ ಅಕ್ಷರದ ಪಕ್ಕ ಮಟ್ಟ ಬರೆದೆ. ಎ ಸೊನ್ನೆ, ಬಿ ಮತ್ತು ಸಿ ಒಂದು, ಉಳಿದ ಮೂರು ಎರಡು.

ಮೇಡಂ ಹಾಳೆ ನೋಡಿದರು. ಮಡಚಿ ಬ್ಯಾಗಿಗೆ ಹಾಕಿಕೊಂಡರು. "ಸರಿ, ನಡಿ" ಎಂದರು. ರೈಲಿಗೆ ಹೊರಟುಹೋದರು.

ಹೊರಗೆ ಉಯ್ಯಂಬಳ್ಳಿಯವನು ಕಾಯುತ್ತಿದ್ದ, ಅವನ ಬಸ್ಸು ಹೋಗಿಬಿಟ್ಟಿತ್ತು. "ಏನಾಯ್ತ್ಲಾ?"

"ಗೊತ್ತಿಲ್ಲ."

"ಬೈದ್ರಾ?"

"ಇಲ್ಲ."

"ಹಂಗಾರೆ ಆಯ್ತು ಕಣ್ಲಾ. ಬೈದಿಲ್ಲ ಅಂದ್ರೆ ಪಾಸು. ನಮ್ಮಪ್ಪ ಬೈಯ್ದೇ ಇದ್ದಿದ್ದು ಒಂದೇ ದಿನ, ಅವತ್ತು ಸೈಕಲ್ ಕೊಡ್ಸಿದ್ರು."

ಕೊನೆಯ ಪರೀಕ್ಷೆಗೆ ಎಲಿಜಿಬಲ್ ಆದವರ ಪಟ್ಟಿ ಹಾಕಿದಾಗ ನಾನು ಅದರಲ್ಲಿದ್ದೆ. ಹಾವೇರಿಯವನಿಗೂ, ಗೀಟು ಬಿದ್ದಿದ್ದ ಬಸ್ಸಿನವರೆಲ್ಲರಿಗೂ ಮೊದಲ ಭಾಗದ ಅಂಕ ಬಂದಿತ್ತು. ಮೇಡಂ ಕ್ಲಾಸಿನಲ್ಲಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಕೊನೆಯ ಪರೀಕ್ಷೆ ಬರೆದೆ, ಹೇಗೋ ಪಾಸಾದೆ, ವರ್ಷ ಉಳಿಯಿತು. ಹಾವೇರಿಯವನನ್ನು ಒಂದು ಸಲ ಕೇಳಿದೆ: ಗೆರೆ ನೋಡಿದ್ದೆಯೋ, ನನ್ನ ಹಾಳೆ ನೋಡಿದ್ದೆಯೋ? "ಅಂಕ ಬಂತಿಲ್ಲ? ಮತ್ತೇನ್ ಬೇಕು ನಿಂಗ?" ಎಂದ. ಅದು ಮೂರು ಸಾಧ್ಯತೆಗಳಿಗೂ ಒಪ್ಪುವ ಉತ್ತರ.

ನಾನು ಕ್ಯೂನ ತಪ್ಪು ತುದಿಯಿಂದ ತೆಗೆದಿದ್ದೆ ಎನ್ನುವುದು ನನಗೆ ಹೊಳೆದದ್ದು ಬಹಳ ಕಾಲದ ನಂತರ, ಬೇರೊಬ್ಬರಿಗೆ ಅದನ್ನೇ ಕಲಿಸುತ್ತಿದ್ದಾಗ. ಹಾಗೆ ತೆಗೆದರೂ ಮಟ್ಟಗಳು ಸರಿಯಾಗಿ ಹೇಗೆ ಬಂದವು ಎಂದು ತಲೆ ಕೆಡಿಸಿಕೊಂಡು ಆ ಗ್ರಾಫನ್ನು ಮತ್ತೆ ಬರೆದೆ. ಅದರಲ್ಲಿ ಸುತ್ತೇ ಇರಲಿಲ್ಲ. ಎ ಇಂದ ಪ್ರತಿ ಅಕ್ಷರಕ್ಕೂ ಒಂದೇ ಒಂದು ದಾರಿ. ಅಂಥ ಗ್ರಾಫಿನಲ್ಲಿ ಅಗಲಕ್ಕೆ ಹೋದರೂ ಆಳಕ್ಕೆ ಹೋದರೂ, ಯಾವ ತುದಿಯಿಂದ ತೆಗೆದರೂ, ಮಟ್ಟ ಬದಲಾಗುವುದಿಲ್ಲ. ಬಿ.ಎಫ್.ಎಸ್. ಬರುತ್ತದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಕೆಟ್ಟ ಚಿತ್ರ ಇನ್ನೊಂದಿಲ್ಲ. ಮಟ್ಟ ಕೇಳಿದರೆ ಅದರಲ್ಲಿ ಯಾರೂ ತಪ್ಪುವುದಿಲ್ಲ.

ರೈಲಿನ ಆತುರದಲ್ಲಿ ಕೈಗೆ ಬಂದದ್ದನ್ನು ಬರೆದರೋ, ನಾನು ತಪ್ಪಲಾಗದಂಥದನ್ನೇ ಹುಡುಕಿ ಬರೆದರೋ, ನಾನು ಇ ತೆಗೆದದ್ದನ್ನು ಅವರು ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರನ್ನು ಕೇಳಲಿಲ್ಲ. ಈಗ ಅವರು ಎಲ್ಲಿದ್ದಾರೆ ಎಂಬುದೂ ಗೊತ್ತಿಲ್ಲ.